‘ವಾದ ಬೆಳೆದಿಲ್ಲ’ ಅಂದ ಪರಿಶೀಲಕರಿಗೆ ಉತ್ತರ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಹಿತ್ಯದ ಬಗ್ಗೆ ಲೇಖನ ಬರೆದು ಜರ್ನಲ್‌ಗೆ ಕಳಿಸಿದವರಿಗೆ ಬರುವ ಟೀಕೆಗಳಲ್ಲಿ ಇದೊಂದು ತುಂಬಾ ಸಾಮಾನ್ಯ: ವಿಷಯ ಚೆನ್ನಾಗಿದೆ, ಓದು ಚೆನ್ನಾಗಿದೆ, ಆದರೆ ವಾದ ಬೆಳೆದಿಲ್ಲ. ತಿದ್ದಿ ಮತ್ತೆ ಕಳಿಸುವಾಗ ಪರಿಶೀಲಕರಿಗೆ ಒಂದು ಉತ್ತರ ಪತ್ರ ಬರೆಯಬೇಕು. ಆ ಪತ್ರದ ಬಗ್ಗೆ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹೊಸ ಅಧ್ಯಾಪಕರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಬರೀ ಮಾತಿನಲ್ಲಿ ಹೇಳಿದರೆ ಗಾಳಿಯಲ್ಲಿ ಹೇಳಿದಂತಾಗುತ್ತದೆ. ಅದಕ್ಕೆ ಒಂದು ಉದಾಹರಣೆ ಲೇಖನವನ್ನು ಇಟ್ಟುಕೊಂಡಿದ್ದೇನೆ. ಅದು ಈ ಪುಟಕ್ಕಾಗಿಯೇ ಕಟ್ಟಿದ್ದು, ಪರಿಶೀಲಕರ ಮಾತುಗಳೂ ಹಾಗೆಯೇ. ಲೇಖನದ ವಿಷಯ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಎಲ್ಲರೂ ಓದಿರುವ ಕಾದಂಬರಿ. ಹಾಗಾಗಿ ವಾದ ಎಲ್ಲಿ ಸೋತಿದೆ, ಎಲ್ಲಿ ಗೆದ್ದಿದೆ ಅಂತ ನೀವೇ ನೋಡಿ ಹೇಳಬಹುದು.

‘ಮೇಜರ್ ರಿವಿಷನ್’ ಅಂತ ಬಂದಿದೆ. ಇದು ತಿರಸ್ಕಾರವೇ?

ಅಲ್ಲ. ತಿರಸ್ಕರಿಸಬೇಕು ಅನ್ನಿಸಿದರೆ ಸಂಪಾದಕರು ಅದನ್ನೇ ನೇರವಾಗಿ ಬರೆಯುತ್ತಾರೆ. ಮೇಜರ್ ರಿವಿಷನ್ ಅಂದರೆ ಅದೇ ಲೇಖನ ದೊಡ್ಡ ತಿದ್ದುಪಡಿಯೊಂದಿಗೆ ಮತ್ತೆ ಬರಲಿ ಅಂತ. ಸಾಮಾನ್ಯವಾಗಿ ಅದೇ ಪರಿಶೀಲಕರ ಕೈಗೇ ಅದು ಮತ್ತೆ ಹೋಗುತ್ತದೆ. ‘ತಿದ್ದಿ ಹೊಸದಾಗಿ ಸಲ್ಲಿಸಿ’ ಅಂದಿದ್ದರೆ ಸ್ವಲ್ಪ ಬೇರೆ. ಕೆಲವು ಜರ್ನಲ್‌ಗಳಲ್ಲಿ ಆಗ ಹೊಸ ಪರಿಶೀಲಕರೂ ಬರಬಹುದು. ಅಂಥ ಕಡೆ ಹಳೆಯ ಪರಿಶೀಲಕರ ಮಾತನ್ನು ಪತ್ರದಲ್ಲಿ ಪೂರ್ತಿ ಎತ್ತಿ ಬರೆಯುವುದು ಇನ್ನೂ ಮುಖ್ಯ, ಯಾಕೆಂದರೆ ಓದುವವರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ.

ಒಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಪರಿಶೀಲಕರ ವರದಿಗಿಂತ ಮೊದಲು ಸಂಪಾದಕರ ಪತ್ರ ಓದಿ. ಎರಡು ವರದಿಗಳಲ್ಲಿ ಹದಿನೈದು ಟೀಕೆ ಇದ್ದರೂ ಸಂಪಾದಕರು ತಮ್ಮ ಮಾತಿನಲ್ಲಿ ಒಂದನ್ನೋ ಎರಡನ್ನೋ ಮತ್ತೆ ಹೇಳಿರುತ್ತಾರೆ. ನಿಮ್ಮ ಲೇಖನದ ಹಣೆಬರಹ ನಿರ್ಧಾರವಾಗುವುದು ಅವುಗಳ ಮೇಲೆ.

‘ವಾದ ಬೆಳೆದಿಲ್ಲ’ ಅಂದರೆ ನಿಜವಾಗಿ ಏನು ಕೇಳುತ್ತಿದ್ದಾರೆ?

ಇದೇ ಕಷ್ಟದ ಪ್ರಶ್ನೆ. ಈ ಒಂದೇ ಮಾತಿನ ಹಿಂದೆ ಬೇರೆ ಬೇರೆ ದೂರುಗಳಿರುತ್ತವೆ. ಯಾವುದು ಅಂತ ತಿಳಿಯದೆ ತಿದ್ದಲು ಕೂತರೆ ಎರಡು ತಿಂಗಳು ಹಾಳು.

ಉದಾಹರಣೆ ಲೇಖನವನ್ನೇ ನೋಡಿ. ಅದರ ಮುಖ್ಯ ಮಾತು: “ದುಡಿಯು ಚೋಮನ ಮೂಕ ನೋವಿನ ಸಂಕೇತ.” ನಂತರ ದುಡಿ ಬರುವ ಸಂದರ್ಭಗಳನ್ನು ಒಂದೊಂದಾಗಿ ವಿವರಿಸಲಾಗಿದೆ. ಕೊನೆಯಲ್ಲಿ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುವ ದೃಶ್ಯ. ಮುಗಿಯಿತು.

ಮೊದಲ ಪರಿಶೀಲಕರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: “ದುಡಿ ಎಲ್ಲೆಲ್ಲಿ ಬರುತ್ತದೆ ಎಂದು ಲೇಖಕರು ಶ್ರದ್ಧೆಯಿಂದ ಗುರುತಿಸಿದ್ದಾರೆ. ಆದರೆ ದುಡಿ ನೋವಿನ ಸಂಕೇತ ಎಂಬುದು ಕಾದಂಬರಿ ಓದಿದ ಯಾರಿಗೂ ಹೊಳೆಯುವ ಮಾತು. ಲೇಖನ ಅದಕ್ಕಿಂತ ಮುಂದೆ ಹೋಗುವುದಿಲ್ಲ.” ಇವರ ದೂರು ಏನು? ನಿಮ್ಮ ಮಾತನ್ನು ಯಾರೂ ಅಲ್ಲಗಳೆಯಲು ಸಾಧ್ಯವಿಲ್ಲ, ಹಾಗಾಗಿ ಅದು ವಾದವೇ ಅಲ್ಲ ಅಂತ. ಇವರಿಗೆ ಇನ್ನೂ ನಾಲ್ಕು ಉದಾಹರಣೆ ಸೇರಿಸಿ ಕೊಟ್ಟರೆ ಪ್ರಯೋಜನವಿಲ್ಲ. ಮುಖ್ಯ ಮಾತನ್ನೇ ಬದಲಿಸಬೇಕು.

ಎರಡನೆಯವರು: “ಚೋಮ ಸಂತೋಷವಾದಾಗಲೂ ದುಡಿ ಬಾರಿಸುತ್ತಾನೆ. ಸಿಟ್ಟು ಬಂದಾಗಲೂ ಬಾರಿಸುತ್ತಾನೆ. ಇದನ್ನು ಲೇಖಕರು ಎಲ್ಲಿ ಎದುರಿಸಿದ್ದಾರೆ? ಚರ್ಮವಾದ್ಯಕ್ಕೂ ಜಾತಿಗೂ ಇರುವ ಸಂಬಂಧವನ್ನೂ ಮುಟ್ಟಿಲ್ಲ. ವಾದ ಬೆಳೆದಿಲ್ಲ.” ಇವರ ದೂರೇ ಬೇರೆ. ಇಲ್ಲಿ ಮಾತಿದೆ, ಆದರೆ ಅದಕ್ಕೆ ಹೊಂದದ ಸಾಕ್ಷ್ಯವನ್ನು ಪಕ್ಕಕ್ಕೆ ಸರಿಸಲಾಗಿದೆ. ಇವರಿಗೆ ಬೇಕಾದದ್ದು ವಿರುದ್ಧದ ದೃಶ್ಯಗಳ ಎದುರು ನಿಲ್ಲುವ ಮಾತು.

ಮೂರನೆಯ ಬಗೆಯ ದೂರೂ ಇದೆ. ಮಾತು ಸರಿ, ಸಾಕ್ಷ್ಯವೂ ಸರಿ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಹೆಜ್ಜೆ ಕಾಣೆ. ಉದ್ಧರಣೆ ಕೊಟ್ಟ ಕೂಡಲೇ “ಹೀಗಾಗಿ” ಅಂತ ತೀರ್ಮಾನ ಬಂದುಬಿಡುತ್ತದೆ. ಪರಿಶೀಲಕರು ಅಂಚಿನಲ್ಲಿ “ಹೇಗೆ?” ಅಂತ ಬರೆದಿದ್ದರೆ ಇದೇ ದೂರು. ಮೂರರಲ್ಲಿ ಇದನ್ನು ಸರಿಪಡಿಸುವುದೇ ಸುಲಭ.

ನನ್ನ ಲೇಖನದಲ್ಲಿ ಯಾವ ತೊಂದರೆ ಇದೆ ಅಂತ ನಾನೇ ಹೇಗೆ ಕಂಡುಹಿಡಿಯಲಿ?

ಪ್ರತಿ ಪ್ಯಾರಾದ ಮುಖ್ಯ ಮಾತನ್ನು ಒಂದೊಂದು ಸಾಲಿನಲ್ಲಿ ಬೇರೆ ಹಾಳೆಗೆ ಇಳಿಸಿ. ಆಮೇಲೆ ನಡುವಿನ ಎರಡು ಸಾಲುಗಳ ಜಾಗ ಅದಲು ಬದಲು ಮಾಡಿ ಓದಿ. ಏನೂ ಕೆಡಲಿಲ್ಲವೇ? ಹಾಗಾದರೆ ಅದು ಪಟ್ಟಿ, ವಾದವಲ್ಲ. ವಾದದಲ್ಲಿ ನಾಲ್ಕನೇ ಪ್ಯಾರಾ ಮೂರನೆಯದಕ್ಕೆ ಋಣಿಯಾಗಿರುತ್ತದೆ.

ದುಡಿಯ ಲೇಖನ ಈ ಪರೀಕ್ಷೆಯಲ್ಲಿ ಕೂಡಲೇ ಬೀಳುತ್ತದೆ. ಒಂದು ದೃಶ್ಯದ ಪ್ಯಾರಾವನ್ನು ಇನ್ನೊಂದರ ಜಾಗಕ್ಕೆ ಇಟ್ಟರೂ ಓದುಗರಿಗೆ ಗೊತ್ತೇ ಆಗುವುದಿಲ್ಲ. ಅವು ಕಾದಂಬರಿಯ ಕ್ರಮದಲ್ಲಿ ಬಂದಿವೆ ಅಷ್ಟೇ, ವಾದದ ಕ್ರಮದಲ್ಲಿ ಅಲ್ಲ. ಸಾಹಿತ್ಯದ ಲೇಖನಗಳಲ್ಲಿ ಇದು ತೀರಾ ಮಾಮೂಲಿ. ಕಥೆಯೇ ನಮಗೆ ಒಂದು ಕ್ರಮ ಒದಗಿಸಿಬಿಡುತ್ತದೆ, ನಾವು ಸುಮ್ನೆ ಅದರ ಹಿಂದೆ ಹೋಗುತ್ತೇವೆ.

ಮೊದಲು ಪತ್ರ ಬರೆಯಬೇಕೋ, ಲೇಖನ ತಿದ್ದಬೇಕೋ?

ಮೊದಲು ಪತ್ರದ ಬರೀ ಅಸ್ಥಿಪಂಜರ: ಪ್ರತಿ ಟೀಕೆಯನ್ನೂ ಬೇರೆ ಬೇರೆಯಾಗಿ ಇಳಿಸಿ, ಕೆಳಗೆ ಜಾಗ ಖಾಲಿ ಬಿಡಿ. ಒಂದೇ ಪ್ಯಾರಾದಲ್ಲಿ ಮೂರು ದೂರು ಸೇರಿಕೊಂಡಿದ್ದರೆ ಮೂರಾಗಿ ಒಡೆಯಿರಿ. ನಂತರ ಲೇಖನ ತಿದ್ದಿ. ಉತ್ತರಗಳನ್ನು ಕೊನೆಯಲ್ಲಿ ತುಂಬಿ.

ಈ ಕ್ರಮಕ್ಕೆ ಕಾರಣ ಇದೆ. ಉತ್ತರವನ್ನು ಮೊದಲೇ ಬರೆಯಲು ಕೂತರೆ ಒಂದು ವಿಚಿತ್ರ ಅನಾಹುತ ಆಗುತ್ತದೆ: ಒಳ್ಳೆಯ ವಾದವೆಲ್ಲ ಪತ್ರದಲ್ಲೇ ಖರ್ಚಾಗಿಹೋಗುತ್ತದೆ. ಎದುರಿಗೆ ಒಬ್ಬರು ಪ್ರಶ್ನೆ ಕೇಳುತ್ತಿದ್ದಾರೆ ಅಂದಾಗ ನಾವೆಲ್ಲ ಚುರುಕಾಗುತ್ತೇವೆ. ಲೇಖನದಲ್ಲಿ ಬಾರದ ಸ್ಪಷ್ಟತೆ ಪತ್ರದಲ್ಲಿ ಬರುತ್ತದೆ. ಪರಿಶೀಲಕರಾಗಿ ಎರಡನೇ ಸುತ್ತಿನ ಲೇಖನ ಓದುವಾಗ ನನಗೆ ಜಾಸ್ತಿ ಕಾಣುವ ದೋಷ ಇದೇ. ಪತ್ರ ಓದಿ ಖುಷಿಯಾಗುತ್ತದೆ, ಲೇಖನ ತೆರೆದರೆ ಅಲ್ಲಿ ಎರಡು ಹೊಸ ವಾಕ್ಯ, ಒಂದು ಹೊಸ ಅಡಿಟಿಪ್ಪಣಿ. ಪತ್ರ ಅಚ್ಚಾಗುವುದಿಲ್ಲವಲ್ಲ. ಪರಿಶೀಲಕರು ತಮಗೆ ಅರ್ಥವಾಗಲಿ ಅಂತ ಕೇಳಿದ್ದಲ್ಲ, ನಾಳೆ ಓದುವವರಿಗಾಗಿ ಕೇಳಿದ್ದು.

ಪರೀಕ್ಷೆ ಸುಲಭ. ಪತ್ರ ಮುಗಿದ ಮೇಲೆ ನಿಮ್ಮ ಅತಿ ಒಳ್ಳೆಯ ಉತ್ತರವನ್ನು ಹುಡುಕಿ. ಅದರ ತಿರುಳು ಲೇಖನದಲ್ಲಿ ಯಾವ ಪುಟದಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ತೋರಿಸಲಾಗದಿದ್ದರೆ ಆ ಪ್ಯಾರಾವನ್ನು ಪತ್ರದಿಂದ ಎತ್ತಿ ಲೇಖನಕ್ಕೆ ಹಾಕಿ, ಪತ್ರದಲ್ಲಿ ಅದರ ಪುಟ ಸಂಖ್ಯೆ ಉಳಿಸಿ.

ವಾದ ಬೆಳೆಸುವುದು ಅಂದರೆ ಹೇಗೆ? ದುಡಿಯ ಲೇಖನದಲ್ಲೇ ತೋರಿಸಿ.

ಎರಡನೇ ಪರಿಶೀಲಕರ ಪ್ರಶ್ನೆಯಿಂದ ಶುರು ಮಾಡೋಣ. ಖುಷಿಯಲ್ಲೂ ಬಾರಿಸುತ್ತಾನೆ, ದುಃಖದಲ್ಲೂ ಬಾರಿಸುತ್ತಾನೆ. ಹಾಗಾದರೆ ‘ನೋವಿನ ಸಂಕೇತ’ ಅನ್ನುವುದು ನಿಲ್ಲುವುದಿಲ್ಲ. ‘ಮೂಕ’ ಅನ್ನುವುದೂ ಸರಿಯಿಲ್ಲ. ಚೋಮ ಮೂಕನಲ್ಲ. ಉಳುವುದಕ್ಕೆ ತುಂಡು ಭೂಮಿ ಕೊಡಿ ಅಂತ ಒಡೆಯ ಸಂಕಪ್ಪಯ್ಯನ ಹತ್ತಿರ ಬಾಯಿಬಿಟ್ಟೇ ಕೇಳುತ್ತಾನೆ. ಮಾತು ಬಾರದ್ದರಿಂದ ಅವನು ಸೋತಿದ್ದಲ್ಲ. ಮಾತು ಕೇಳಿಸಿತು, ಆದರೂ ಭೂಮಿ ಸಿಗಲಿಲ್ಲ.

ಈಗ ಚೋಮನ ಹತ್ತಿರ ಏನೇನಿದೆ ಅಂತ ನೋಡಿ. ಒಂದು ಜೊತೆ ಎತ್ತುಗಳಿವೆ. ನೇಗಿಲಿದೆ. ದುಡಿ ಇದೆ. ಎತ್ತು, ನೇಗಿಲು ಅವನದೇ, ಆದರೆ ಹೊಲ ಇಲ್ಲದೆ ಅವುಗಳಿಂದ ಉಪಯೋಗವಿಲ್ಲ, ಹೊಲಕ್ಕೆ ಇನ್ನೊಬ್ಬರ ಅಪ್ಪಣೆ ಬೇಕು. ದುಡಿಗೆ ಯಾರ ಅಪ್ಪಣೆಯೂ ಬೇಡ. ಹೊಸ ಮಾತು ಇಲ್ಲಿ ಸಿಗುತ್ತದೆ: ದುಡಿ ಇರುವುದು ಒಂದು ಭಾವವನ್ನು ಸೂಚಿಸುವುದಕ್ಕಲ್ಲ. ಅಪ್ಪಣೆಯಿಲ್ಲದೆ ಚೋಮ ಮಾಡಬಹುದಾದ ಕೆಲಸ ಅದು. ಹಾಗಾಗಿಯೇ ಎಲ್ಲ ಭಾವಗಳೂ ಅದರೊಳಗೆ ಹರಿಯುತ್ತವೆ. ಖುಷಿಯ ದೃಶ್ಯಗಳು ಈಗ ವಾದಕ್ಕೆ ಅಡ್ಡ ಬರುವುದಿಲ್ಲ, ಬೆನ್ನಿಗೆ ನಿಲ್ಲುತ್ತವೆ.

ಇದೇ ಕಣ್ಣಿನಿಂದ ಕೊನೆ ಓದಿ ನೋಡಿ. ಚೋಮ ನೇಗಿಲು ಮುರಿಯುತ್ತಾನೆ. ಎತ್ತುಗಳನ್ನು ಅಟ್ಟಿಬಿಡುತ್ತಾನೆ. ದುಡಿಯನ್ನು ಉಳಿಸಿಕೊಳ್ಳುತ್ತಾನೆ. ಅಪ್ಪಣೆ ಬೇಕಾಗಿದ್ದ ಎರಡನ್ನೂ ಬಿಟ್ಟು, ಬೇಡದ್ದನ್ನು ಹಿಡಿದುಕೊಂಡ. ಮೊದಲ ಕರಡಿನಲ್ಲಿ ಈ ದೃಶ್ಯ ಬರೀ ಕರುಣೆಯ ಕೊನೆಯಾಗಿತ್ತು. ಈಗ ಅದು ವಾದದ ಗಟ್ಟಿ ಸಾಕ್ಷ್ಯ.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಬೆಳೆದಂತೆ. ಯಾಕೆಂದರೆ ಅದೇ ಪರಿಶೀಲಕರ ಎರಡನೇ ಏಟು ಬಾಕಿಯಿದೆ: ಚರ್ಮವಾದ್ಯ ಜಾತಿಯಿಂದ ಬಿಡುಗಡೆಯಾದ ಜಾಗವೇ? ಅಲ್ಲ. ಚರ್ಮ ಬಿಗಿದ ವಾದ್ಯಗಳಿಗೂ ಅಸ್ಪೃಶ್ಯತೆಗೂ ಹಳೆಯ ನಂಟು. ಒಳ್ಳೆಯ ಲೇಖಕ ಇದನ್ನು ಅಡಿಟಿಪ್ಪಣಿಗೆ ತಳ್ಳುವುದಿಲ್ಲ, ಒಳಗೇ ತರುತ್ತಾನೆ. ದುಡಿಗೆ ಅಪ್ಪಣೆ ಬೇಡ ಅನ್ನುವುದು ಚೋಮ ಸ್ವತಂತ್ರ ಅಂತಲ್ಲ. ಮೇಲಿನವರಿಗೆ ಬೇಡವಾಗಿದ್ದರಿಂದ ಅದು ಅವನ ಪಾಲಿಗೆ ಉಳಿದಿದೆ. ಭೂಮಿ ಅವರಿಗೆ ಬೇಕು, ಅದಕ್ಕೇ ಚೋಮನಿಗೆ ಸಿಗುವುದಿಲ್ಲ. ಈ ಮಾತು ಸೇರಿದ ಮೇಲೆ ವಾದ ಇನ್ನೂ ಕಟುವಾಗುತ್ತದೆ, ಇನ್ನೂ ನಿಜವೂ ಆಗುತ್ತದೆ. ಪರಿಶೀಲಕರ ಆಕ್ಷೇಪವೇ ಲೇಖನದ ಅತ್ಯುತ್ತಮ ಪ್ಯಾರಾ ಆಗುವುದು ಹೀಗೆ.

ವಾದ ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನೂ ಹೇಳಬೇಕು. ಚೋಮನ ಮಗಳು ಬೆಳ್ಳಿಯ ಬದುಕು ಇದರಿಂದ ಅರ್ಥವಾಗುವುದಿಲ್ಲ. ಸಾಲಕ್ಕಾಗಿ ತೋಟದ ಕೆಲಸ, ಅಲ್ಲಿ ಮನ್ವೇಲನ ಜೊತೆಗಿನ ಸಂಬಂಧ, ಇವಕ್ಕೆ ದುಡಿಯ ವಾದ ಹಚ್ಚಲು ಹೋದರೆ ಹರಿದುಹೋಗುತ್ತದೆ. “ಈ ವಾದ ಚೋಮನಿಗೆ ಸೀಮಿತ, ಬೆಳ್ಳಿಗೆ ಬೇರೆ ಓದು ಬೇಕು” ಅಂತ ಎರಡು ಸಾಲು ಬರೆದರೆ ಸಾಕು. ಎಲ್ಲವನ್ನೂ ವಿವರಿಸುತ್ತೇನೆ ಅನ್ನುವ ಲೇಖನಕ್ಕಿಂತ ತನ್ನ ಗಡಿ ಹೇಳುವ ಲೇಖನವನ್ನು ಪರಿಶೀಲಕರು ನಂಬುತ್ತಾರೆ.

ಸರಿ, ಇದನ್ನೆಲ್ಲ ಪತ್ರದಲ್ಲಿ ಹೇಗೆ ಬರೆಯುವುದು?

ಮೊದಲು ಹೇಗೆ ಬರೆಯಬಾರದು ಅಂತ ನೋಡಿ:

> “ಪರಿಶೀಲಕರ ಅಮೂಲ್ಯ ಸಲಹೆಗಾಗಿ ಅನಂತ ಧನ್ಯವಾದಗಳು. ಸಲಹೆಯಂತೆ ವಾದವನ್ನು ಬಲಪಡಿಸಲಾಗಿದೆ. ಅಗತ್ಯ ಬದಲಾವಣೆಗಳನ್ನು ಲೇಖನದ ಉದ್ದಕ್ಕೂ ಮಾಡಲಾಗಿದೆ.”

ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಏನು ಬದಲಾಯಿತು, ಎಲ್ಲಿ ಬದಲಾಯಿತು, ಎರಡೂ ಗೊತ್ತಾಗುವುದಿಲ್ಲ. ಪರಿಶೀಲಕರು ಇಡೀ ಲೇಖನವನ್ನು ಮತ್ತೆ ಮೊದಲಿಂದ ಓದಬೇಕು. ಆಗ ಅವರ ಮೂಡು ಹೇಗಿರುತ್ತದೆ ಅಂತ ಊಹಿಸಿ.

ಇನ್ನು ಹೀಗೆ ಬರೆಯಬಹುದು:

> ಪರಿಶೀಲಕರು 2, ಅಂಶ 1: “ಚೋಮ ಸಂತೋಷವಾದಾಗಲೂ ದುಡಿ ಬಾರಿಸುತ್ತಾನೆ. ಸಿಟ್ಟು ಬಂದಾಗಲೂ ಬಾರಿಸುತ್ತಾನೆ. ಇದನ್ನು ಲೇಖಕರು ಎಲ್ಲಿ ಎದುರಿಸಿದ್ದಾರೆ?”
>
> ಉತ್ತರ: ಈ ಆಕ್ಷೇಪ ಸರಿಯಾಗಿದೆ. ದುಡಿ ‘ಮೂಕ ನೋವಿನ ಸಂಕೇತ’ ಎಂಬ ಹಿಂದಿನ ಮಾತು ಸಂತೋಷದ ದೃಶ್ಯಗಳ ಎದುರು ನಿಲ್ಲುವುದಿಲ್ಲ. ಅದನ್ನು ಕೈಬಿಟ್ಟಿದ್ದೇವೆ. ಈಗಿನ ವಾದ: ಒಡೆಯನ ಅಪ್ಪಣೆ ಬೇಡದ ಕೆಲಸವಾದ್ದರಿಂದ ದುಡಿ ಚೋಮನ ಎಲ್ಲ ಭಾವಗಳಿಗೂ ದಾರಿಯಾಗುತ್ತದೆ. ಸಂತೋಷದ ದೃಶ್ಯಗಳನ್ನು ಈಗ ಮೊದಲ ಸಾಕ್ಷ್ಯವಾಗಿ ಬಳಸಿದ್ದೇವೆ.
>
> ಬದಲಾವಣೆ: ಹೊಸ ವಾದ, ಪುಟ 2, ಪ್ಯಾರಾ 3. ಸಂತೋಷದ ದೃಶ್ಯಗಳು, ಪುಟ 5–6 (ಹೊಸದು). ಕೊನೆಯ ದೃಶ್ಯದ ಓದು, ಪುಟ 14 (ಪೂರ್ತಿ ತಿದ್ದಿದ್ದು).

ಇಲ್ಲಿ ಮೂರು ಕೆಲಸ ಆಗಿದೆ. ಟೀಕೆಯನ್ನು ಅವರ ಮಾತಲ್ಲೇ ಎತ್ತಿ ಬರೆಯಲಾಗಿದೆ, ಸಾರಾಂಶ ಮಾಡಿಲ್ಲ. ಸಾರಾಂಶ ಮಾಡುವಾಗ ನಾವು ಗೊತ್ತಿಲ್ಲದೇ ಟೀಕೆಯ ಮೊನೆ ಮುರಿದುಬಿಡುತ್ತೇವೆ, ಅದು ಅವರ ಕಣ್ಣಿಗೆ ಬೀಳುತ್ತದೆ. ಒಪ್ಪಿದ್ದು ಒಂದೇ ವಾಕ್ಯದಲ್ಲಿ ಮುಗಿದಿದೆ. ಬದಲಾದ ಜಾಗ ಪುಟದ ಲೆಕ್ಕದಲ್ಲಿದೆ. ಅದು ತಿದ್ದಿದ ಪ್ರತಿಯ ಪುಟವಾಗಿರಲಿ, ಹಳೆಯದರದಲ್ಲ. ಪುಟ ಸಂಖ್ಯೆಗಳನ್ನು ಕಟ್ಟ ಕಡೆಗೆ, ಲೇಖನ ಮುಟ್ಟುವುದು ನಿಂತ ಮೇಲೆ ಹಾಕಿ. ಇಲ್ಲದಿದ್ದರೆ ಒಂದೂ ಸರಿ ಇರುವುದಿಲ್ಲ.

ಪತ್ರದ ಮೊದಲಿಗೆ ಸಂಪಾದಕರಿಗೆ ಅರ್ಧ ಪುಟ ಸಾಕು. ವಾದ ಮೊದಲು ಏನಿತ್ತು, ಈಗ ಏನಾಗಿದೆ, ದೊಡ್ಡ ಬದಲಾವಣೆ ಎಲ್ಲೆಲ್ಲಿ, ಏನನ್ನು ತೆಗೆದಿದ್ದೀರಿ. ಬಿಡುವಿಲ್ಲದ ಸಂಪಾದಕರು ಮೊದಲು ಓದುವುದು ಇದನ್ನೇ.

ಪರಿಶೀಲಕರು ‘ಸೈದ್ಧಾಂತಿಕ ಚೌಕಟ್ಟು ಬೇಕು’ ಅಂದಿದ್ದಾರೆ. ನಾಲ್ಕು ಸಿದ್ಧಾಂತಿಗಳ ಹೆಸರು ಸೇರಿಸಿದರೆ ಆಯಿತಲ್ವಾ?

ಆಗುವುದಿಲ್ಲ. ವಾದ ಬೆಳೆದಿಲ್ಲ ಅಂದಾಗ ನಮ್ಮಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಇದು, ಮತ್ತು ಬಹುಪಾಲು ಸಲ ವ್ಯರ್ಥ. ಪೀಠಿಕೆಯ ನಂತರ ಮೂರು ಪುಟ ಸಿದ್ಧಾಂತ ಬರುತ್ತದೆ, ಆಮೇಲೆ ಹಳೇ ಲೇಖನ ಹಾಗೇ ಮುಂದುವರಿಯುತ್ತದೆ. ಆ ಮೂರು ಪುಟ ಕಿತ್ತರೂ ಉಳಿದ ಲೇಖನಕ್ಕೆ ಏನೂ ಆಗದಿದ್ದರೆ ಅವು ಅಲಂಕಾರ ಮಾತ್ರ.

ಪರಿಶೀಲಕರು ಚೌಕಟ್ಟು ಕೇಳಿದಾಗ ಅವರಿಗೆ ಬೇಕಾಗಿರುವುದು ಹೆಚ್ಚಾಗಿ ಒಂದು ಪದದ ಸ್ಪಷ್ಟತೆ. ನಮ್ಮ ಲೇಖನದಲ್ಲಿ ಆ ಪದ ‘ಅಪ್ಪಣೆ’. ಒಡೆಯನ ಅನುಮತಿಯೇ, ಜಾತಿಯ ಕಟ್ಟಳೆಯೇ, ದೈವದ ಭಯವೇ? ಧರ್ಮ ಬದಲಿಸಿದರೆ ಭೂಮಿ ಸಿಗಬಹುದು ಅನ್ನಿಸಿಯೂ ಚೋಮ ವಾಪಸ್ ಬರುತ್ತಾನಲ್ಲ, ಅಲ್ಲಿ ತಡೆದಿದ್ದು ಒಡೆಯನಲ್ಲ. ಈ ವ್ಯತ್ಯಾಸ ಹೇಳುವುದಕ್ಕೆ ಯಾವ ಸಿದ್ಧಾಂತಿ ನಿಜವಾಗಿ ನೆರವಾಗುತ್ತಾರೋ ಅವರೊಬ್ಬರು ಸಾಕು.

ಪರಿಶೀಲಕರು ತಾವೇ ಬರೆದಂತೆ ಕಾಣುವ ಲೇಖನಗಳ ಪಟ್ಟಿ ಕೊಟ್ಟು ಸೇರಿಸಿ ಅಂದಿದ್ದರೆ? ಓದಿ. ಉಪಯೋಗವಾಗುವುದನ್ನು ಸೇರಿಸಿ. ಉಳಿದವುಗಳ ಬಗ್ಗೆ “ಓದಿದೆವು, ಅವು ಕಾದಂಬರಿಯ ಪ್ರಕಟಣೆಯ ಇತಿಹಾಸಕ್ಕೆ ಸಂಬಂಧಿಸಿವೆ, ನಮ್ಮ ವಾದಕ್ಕೆ ನೇರವಾಗಿ ತಾಗುವುದಿಲ್ಲ” ಅನ್ನುವಂಥ ನಿರ್ದಿಷ್ಟ ಕಾರಣ ಬರೆಯಿರಿ. ಒತ್ತಾಯ ಜಾಸ್ತಿಯಾದರೆ ಸಂಪಾದಕರಿಗೆ ಪ್ರತ್ಯೇಕವಾಗಿ ತಿಳಿಸಬಹುದು.

ಒಬ್ಬರು ಬೆಳೆಸಿ ಅಂದರು, ಇನ್ನೊಬ್ಬರು ಕಡಿಮೆ ಮಾಡಿ ಅಂದರು. ಯಾರ ಮಾತು ಕೇಳಲಿ?

ಇಬ್ಬರೂ ಒಂದೇ ಜಾಗದ ಬಗ್ಗೆ ಹೇಳುತ್ತಿದ್ದಾರೆಯೇ ಅಂತ ಮೊದಲು ನೋಡಿ. ಹೆಚ್ಚು ಸಲ ಅಲ್ಲ. ಒಬ್ಬರು ಓದನ್ನು ಬೆಳೆಸಿ ಅನ್ನುತ್ತಾರೆ, ಇನ್ನೊಬ್ಬರು ಕಾರಂತರ ಜೀವನ ಪರಿಚಯ, ಕಥಾಸಾರ ಕಡಿಮೆ ಮಾಡಿ ಅನ್ನುತ್ತಾರೆ. ಎರಡನ್ನೂ ಮಾಡಬಹುದು, ಮಾಡಲೇಬೇಕು. ಪದಮಿತಿಯ ತಲೆನೋವೂ ಅಲ್ಲಿಗೆ ಸ್ವಲ್ಪ ಕಳೆಯುತ್ತದೆ. ಕಥಾಸಾರವೇ ಎರಡು ಪುಟ ತಿಂದಿರುತ್ತದೆ, ಅದನ್ನು ಒಂದು ಪ್ಯಾರಾಗೆ ಇಳಿಸಿ.

ನಿಜವಾಗಿಯೂ ವಿರೋಧ ಇದ್ದರೆ ಸಂಪಾದಕರಿಗೆ ಬರೆದ ಅರ್ಧ ಪುಟದಲ್ಲಿ ಅದನ್ನು ಹೇಳಿ, ನೀವು ಯಾವ ದಾರಿ ಹಿಡಿದಿರಿ, ಯಾಕೆ ಅಂತ ತಿಳಿಸಿ. ಒಬ್ಬ ಪರಿಶೀಲಕರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟಬೇಡಿ. “ಮೊದಲ ಪರಿಶೀಲಕರು ಮೆಚ್ಚಿದ್ದಾರೆ, ಆದ್ದರಿಂದ ಎರಡನೆಯವರ ಆಕ್ಷೇಪ ಸರಿಯಲ್ಲ” ಅನ್ನುವ ವಾಕ್ಯ ಯಾರಿಗೂ ರುಚಿಸುವುದಿಲ್ಲ.

ಪರಿಶೀಲಕರೇ ತಪ್ಪಾಗಿ ಓದಿದ್ದಾರೆ. ಹಾಗಂತ ಹೇಳಬಹುದೇ?

ಹೇಳಬಹುದು, ಆದರೆ ಮೊದಲು ಒಂದು ಸಂಶಯ ಪರಿಹರಿಸಿಕೊಳ್ಳಿ. ತಿಳಿದ ಓದುಗರೊಬ್ಬರು ತಪ್ಪಾಗಿ ಓದಿದ್ದಾರೆ ಅಂದರೆ ಆ ಜಾಗದಲ್ಲಿ ಬರವಣಿಗೆಯೇ ಎಡವಿರಬಹುದು. ಹಾಗಿದ್ದರೆ “ಆ ಭಾಗ ಸ್ಪಷ್ಟವಾಗಿರಲಿಲ್ಲ, ಪುಟ 4ರಲ್ಲಿ ಹೀಗೆ ತಿದ್ದಿದ್ದೇವೆ” ಅಂದರೆ ಕೆಲಸ ಮುಗಿಯಿತು.

ವಿಷಯದಲ್ಲೇ ಭಿನ್ನಾಭಿಪ್ರಾಯ ಇದ್ದರೆ ಪಠ್ಯದಿಂದ ಉತ್ತರ ಕೊಡಿ. ‘ಚೋಮನ ದುಡಿ’ಯ ಲೇಖನಗಳಲ್ಲಿ ಒಂದು ಗೊಂದಲ ಆಗಾಗ ಬರಬಹುದು. ಬಿ. ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿ ವಾಸುದೇವರಾವ್ ರಾಷ್ಟ್ರಪ್ರಶಸ್ತಿ ಪಡೆದರು. ಅನೇಕರ ತಲೆಯಲ್ಲಿ ಉಳಿದಿರುವುದು ಸಿನಿಮಾದ ದೃಶ್ಯಗಳೇ. ಪರಿಶೀಲಕರು ಸಿನಿಮಾದ ಒಂದು ದೃಶ್ಯ ಹಿಡಿದು ಆಕ್ಷೇಪ ಎತ್ತಿದರೆ ಹೀಗೆ ಬರೆಯಿರಿ: “ಈ ದೃಶ್ಯ ಚಲನಚಿತ್ರದ್ದು. ನಮ್ಮ ಓದು ಕಾದಂಬರಿಗೆ ಸೀಮಿತ. ಈ ಗೊಂದಲ ಉಳಿದ ಓದುಗರಿಗೂ ಆಗಬಹುದು, ಹಾಗಾಗಿ ಪುಟ 1ರಲ್ಲಿ ಒಂದು ವಾಕ್ಯ ಸೇರಿಸಿದ್ದೇವೆ.” ಬರೆಯುವ ಮುಂಚೆ ನಿಮ್ಮದೇ ಉದ್ಧರಣೆಗಳನ್ನೂ ಪುಸ್ತಕ ತೆರೆದು ನೋಡಿಕೊಳ್ಳಿ. ನೆನಪಿನಿಂದ ಬರೆದ ದೃಶ್ಯ ಸಿನಿಮಾದ್ದಾಗಿದ್ದರೆ ಮರ್ಯಾದೆ ಹೋಗುತ್ತದೆ. ಯಾವ ಮುದ್ರಣದ ಪುಟ ಸಂಖ್ಯೆ ಅನ್ನುವುದೂ ಸ್ಪಷ್ಟವಾಗಿರಲಿ.

ಎಷ್ಟು ಅಂಶಗಳನ್ನು ನಿರಾಕರಿಸಬಹುದು ಅಂತಲೂ ಕೇಳುತ್ತಾರೆ. ಅದಕ್ಕೆ ಲೆಕ್ಕವಿಲ್ಲ. ಆದರೆ ಸಂಪಾದಕರು ಎತ್ತಿ ಹೇಳಿದ ಅಂಶವನ್ನೇ ನಿರಾಕರಿಸುತ್ತೀರಿ ಅಂದರೆ ಆ ಜರ್ನಲ್‌ನಲ್ಲಿ ಲೇಖನ ಬರುವುದು ಕಷ್ಟ. ಅಂಥ ಸಂದರ್ಭದಲ್ಲಿ ಹಿಂದಕ್ಕೆ ಪಡೆದು ಬೇರೆ ಕಡೆ ಕಳಿಸುವುದು ಅವಮಾನವೇನಲ್ಲ. ಹಿಂದಕ್ಕೆ ಪಡೆದದ್ದನ್ನು ಬರೆದು ತಿಳಿಸಿ, ಅವರು ಒಪ್ಪಿದ ಮೇಲೆಯೇ ಇನ್ನೊಂದಕ್ಕೆ ಕಳಿಸಿ. ಒಂದೇ ಲೇಖನ ಎರಡು ಕಡೆ ಪರಿಶೀಲನೆಯಲ್ಲಿ ಇರಬಾರದು.

ಎಷ್ಟು ಸಲ ಧನ್ಯವಾದ ಹೇಳಬೇಕು?

ಮೊದಲಿಗೆ ಒಮ್ಮೆ. ನಿಜಕ್ಕೂ ವಾದ ಬದಲಿಸಿದ ಟೀಕೆ ಇದ್ದರೆ ಅಲ್ಲಿ ಇನ್ನೊಮ್ಮೆ. ಪ್ರತಿ ಅಂಶಕ್ಕೂ ‘ಅಮೂಲ್ಯ’ ಅಂದರೆ ಯಾವುದೂ ಅಮೂಲ್ಯವಾಗಿ ಉಳಿಯುವುದಿಲ್ಲ.

ಹೆಸರು ಗುಟ್ಟಾಗಿಡುವ ಬಗ್ಗೆ ಏನು ಎಚ್ಚರ ಬೇಕು?

ಎರಡೂ ಕಡೆ ಹೆಸರು ಗೊತ್ತಿರದ ಪರಿಶೀಲನೆಯಾದರೆ ಉತ್ತರ ಪತ್ರದಲ್ಲೂ ಹೆಸರು, ವಿಭಾಗ, “ನನ್ನ ಪಿಎಚ್.ಡಿ ಪ್ರಬಂಧದಲ್ಲಿ ಹೇಳಿದಂತೆ” ಇಂಥವೆಲ್ಲ ಇರಬಾರದು. ಲೇಖನ ಒರೆಸಿ ಸ್ವಚ್ಛ ಮಾಡಿದವರೂ ಪತ್ರದ ಕೆಳಗೆ ಸಹಿ ಹಾಕಿ ಕಳಿಸುತ್ತಾರೆ. ಇನ್ನೊಂದು ಜಾಗ ವರ್ಡ್ ಫೈಲಿನ ಒಳಗಿದೆ. ತಿದ್ದುಪಡಿ ತೋರಿಸುವ ಪ್ರತಿಯಲ್ಲಿ ಪ್ರತಿ ಬದಲಾವಣೆಯ ಪಕ್ಕ ನಿಮ್ಮ ಹೆಸರು ಬರುತ್ತದೆ. ವಿಂಡೋಸ್‌ನ ವರ್ಡ್‌ನಲ್ಲಿ File, Info, Check for Issues, Inspect Document ಅಂತ ಹೋಗಿ Document Properties and Personal Information ಅನ್ನುವುದನ್ನು ತೆಗೆಯಬಹುದು. ಒಂದು ನಕಲು ಮಾಡಿಕೊಂಡು ಆ ನಕಲಿನ ಮೇಲೆ ಇದನ್ನು ಮಾಡಿ.

ವಾದವನ್ನೇ ಬದಲಿಸುವಾಗ Track Changes ಹಾಕಿಕೊಂಡು ಬರೆಯುವುದು ಹಿಂಸೆ. ಅದನ್ನು ಆಫ್ ಮಾಡಿ ನಿರಾಳವಾಗಿ ಬರೆಯಿರಿ. ಕೊನೆಗೆ Review ಅಡಿಯ Compare ಬಳಸಿ ಹಳೆಯ ಮತ್ತು ಹೊಸ ಪ್ರತಿಗಳನ್ನು ಹೋಲಿಸಿದರೆ ಬದಲಾವಣೆ ತೋರಿಸುವ ಪ್ರತಿ ತಾನೇ ಸಿದ್ಧವಾಗುತ್ತದೆ.

ಕನ್ನಡ ಪತ್ರಿಕೆಗಳಲ್ಲಿ ಸಂಪಾದಕರು ಫೋನ್ ಮಾಡಿ ‘ಸ್ವಲ್ಪ ಬೆಳೆಸಿ ಕೊಡಿ’ ಅನ್ನುತ್ತಾರೆ. ಅಲ್ಲೂ ಪತ್ರ ಬೇಕೇ?

ಲಿಖಿತ ವರದಿ ಇಲ್ಲದಿದ್ದರೆ ಅಂಶವಾರು ಉತ್ತರ ಬೇಕಿಲ್ಲ. ಆದರೆ ಫೋನ್ ಇಟ್ಟ ಮೇಲೆ ಒಂದು ಮೇಲ್ ಕಳಿಸಿ: “ಸರ್, ತಾವು ಹೇಳಿದ್ದು ನನಗೆ ಹೀಗೆ ಅರ್ಥವಾಗಿದೆ: ದುಡಿಯ ಸಂದರ್ಭಗಳ ವಿವರಣೆ ಇದೆ, ಅದರಿಂದ ಏನು ಸಿದ್ಧವಾಗುತ್ತದೆ ಎನ್ನುವುದು ಇಲ್ಲ. ಸರಿಯೇ?” ಬಾಯಿಮಾತಿನಲ್ಲಿ ‘ಬೆಳೆಸಿ’ ಅಂದಾಗ ಕೆಲವೊಮ್ಮೆ ಅವರ ಮನಸ್ಸಿನಲ್ಲಿರುವುದು ಬರೀ ಪುಟ ಸಂಖ್ಯೆ. ಅದು ಮೊದಲೇ ಗೊತ್ತಾದರೆ ಒಳ್ಳೆಯದು. ತಿದ್ದಿ ಕಳಿಸುವಾಗ ಜೊತೆಗೆ ಐದಾರು ಸಾಲು ಸಾಕು.

ಇಂಗ್ಲಿಷ್ ಜರ್ನಲ್‌ಗೆ ಕನ್ನಡ ಕೃತಿಯ ಬಗ್ಗೆ ಬರೆಯುವವರಿಗೆ ಕಷ್ಟ ಬೇರೆ. ಪರಿಶೀಲಕರಲ್ಲಿ ಒಬ್ಬರಿಗೆ ಕನ್ನಡ ಬಾರದೇ ಇರಬಹುದು. ಅವರಿಗೆ ವಾದದ ಹೆಜ್ಜೆಗಳು ಕಾಣದಿರುವುದಕ್ಕೆ ಕಾರಣ ನಮಗೆ ಎದ್ದು ಕಾಣುವ ಹಿನ್ನೆಲೆ ಅವರಿಗೆ ಇಲ್ಲದಿರುವುದು. ಚೋಮನಂಥವನು ಬೇಸಾಯಕ್ಕೆ ಭೂಮಿ ಕೇಳುವುದೇ ಯಾಕೆ ದೊಡ್ಡ ಮಾತು ಅನ್ನುವುದನ್ನು ಕನ್ನಡ ಓದುಗರಿಗೆ ಹೇಳಬೇಕಿಲ್ಲ. ಅಲ್ಲಿ ಹೇಳಬೇಕು. ಅದನ್ನೂ ಪತ್ರದಲ್ಲಲ್ಲ, ಲೇಖನದಲ್ಲಿ.

ಎರಡನೇ ಸುತ್ತಿನಲ್ಲೂ ಅದೇ ಟೀಕೆ ಬಂದರೆ?

ಎರಡು ವರದಿಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ಮಾತು ಅದೇ ಇದ್ದರೂ ಜಾಗ ಬದಲಾಗಿರಬಹುದು. ಮೊದಲ ಸಲ ಇಡೀ ಲೇಖನಕ್ಕೆ ಹೇಳಿದ್ದು ಈಗ ಒಂದು ಭಾಗಕ್ಕೆ ಇಳಿದಿದ್ದರೆ ನೀವು ಮುಂದೆ ಬಂದಿದ್ದೀರಿ, ಆ ಭಾಗ ಮಾತ್ರ ತಿದ್ದಿ. ಜಾಗವೂ ಬದಲಾಗದಿದ್ದರೆ ಹೆಚ್ಚಾಗಿ ಆಗಿರುವುದು ಇಷ್ಟೇ: ಪೀಠಿಕೆಯಲ್ಲಿ ಹೊಸ ವಾದ ಬಂದಿದೆ, ಒಳಗಿನ ಪ್ಯಾರಾಗಳು ಇನ್ನೂ ಹಳೆಯದಕ್ಕೇ ದುಡಿಯುತ್ತಿವೆ. ದುಡಿಯ ಲೇಖನದಲ್ಲಿ ‘ಸಂಕೇತ’ ಅನ್ನುವ ಪದವನ್ನು ಹುಡುಕಿ ನೋಡಿ. ಮೊದಲ ಎರಡು ಪುಟದಲ್ಲಿ ‘ಅಪ್ಪಣೆ’ ಇದ್ದು, ಏಳನೇ ಪುಟದಲ್ಲಿ ‘ಸಂಕೇತ’ ಉಳಿದುಕೊಂಡಿದ್ದರೆ ಪರಿಶೀಲಕರು ಎಡವಿದ್ದು ಅಲ್ಲಿಯೇ. ಆ ಪ್ಯಾರಾಗಳನ್ನು ತಿದ್ದುವುದಕ್ಕಿಂತ ಅಳಿಸಿ ಹೊಸದಾಗಿ ಬರೆಯುವುದು ಬೇಗ ಆಗುತ್ತದೆ. ಗಡುವು ಸಾಲದಿದ್ದರೆ ಸಂಪಾದಕರಿಗೆ ಗಡುವಿಗೆ ಮುಂಚೆಯೇ ಬರೆದು ಇಷ್ಟು ದಿನ ಬೇಕು ಅಂತ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ.